ನೆಲನೆಲ್ಲಿ ಕುಡಿದೆ, ಕಾಮಾಲೆ ಹೋಯ್ತು: ರೇಡಿಯೊ ಮಾತಿನ ನಂತರ ಪದೇ ಪದೇ ಬಂದ ಪ್ರಶ್ನೆಗಳು

ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗಾಗಿ ರೇಡಿಯೊದಲ್ಲಿ ಕಾಲು ಗಂಟೆ ಮಾತಾಡಿದ್ದೆ. "ಈ ನಾಟಿ ಔಷಧಿ ಕುಡಿದೆ, ಗುಣ ಆಯ್ತು" ಎಂದು ಒಬ್ಬರು ಮನಮುಟ್ಟುವಂತೆ ಹೇಳಿದರೆ, ಔಷಧಿ ಕೆಲಸ ಮಾಡಿತು ಅಂತ ಆಗುತ್ತದಾ ಎನ್ನುವುದು ವಿಷಯ. ಉದಾಹರಣೆಗೆ ಕಾಮಾಲೆ ಮತ್ತು ನೆಲನೆಲ್ಲಿ ತಗೊಂಡಿದ್ದೆ. ಆಮೇಲೆ ಬಂದ ಫೋನು, ಪತ್ರ, ದಾರಿಯಲ್ಲಿ ನಿಲ್ಲಿಸಿ ಕೇಳಿದ್ದು ಎಲ್ಲಾ ಸೇರಿಸಿದರೆ ಮತ್ತೆ ಮತ್ತೆ ಅವೇ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವವು ಆಮೇಲೆ.

## ಶುರುವಿನ ಪ್ರಶ್ನೆಗಳು

ರೇಡಿಯೊ ಕೇಳೋಕೆ ಆಗಲಿಲ್ಲ. ನೀವು ಹೇಳಿದ್ದೇನು, ಚಿಕ್ಕದಾಗಿ ಹೇಳ್ತೀರಾ?

ಔಷಧಿ ಕುಡಿದು ಗುಣವಾದವರು ತಮಗೆ ಏನಾಯಿತು ಎಂದು ನಿಜವನ್ನೇ ಹೇಳುತ್ತಾರೆ. ಕುಡಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎನ್ನುವುದು ಮಾತ್ರ ಅವರಿಗೂ ಗೊತ್ತಿರುವುದಿಲ್ಲ. ಅವರು ಆ ದಾರಿ ನೋಡಿಯೇ ಇಲ್ಲವಲ್ಲ! ಔಷಧಿಗೆ ಗುಣ ಇದೆಯಾ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ನೋಡದ ದಾರಿಯಲ್ಲಿ.

ನಮ್ಮಣ್ಣನಿಗೆ ಕಾಮಾಲೆ ಆಗಿತ್ತು ಸರ್. ನಾಟಿ ವೈದ್ಯರು ಮೂರು ದಿನ ಔಷಧಿ ಕೊಟ್ರು, ಹದಿನೈದು ದಿನಕ್ಕೆ ಕಣ್ಣು ಬೆಳ್ಳಗಾಯ್ತು. ಅವನು ಸುಳ್ಳು ಹೇಳ್ತಿದ್ದಾನಾ?

ಖಂಡಿತ ಇಲ್ಲ. ನಿಮ್ಮಣ್ಣ ಹೇಳಿದ್ದರಲ್ಲಿ ಮೂರು ಮಾತಿವೆ. ಕಾಮಾಲೆ ಆಗಿತ್ತು, ಔಷಧಿ ಕುಡಿದೆ, ಆಮೇಲೆ ಕಣ್ಣು ಬೆಳ್ಳಗಾಯಿತು. ಮೂರೂ ನಿಜ. ನಾಲ್ಕನೆಯ ಮಾತೊಂದನ್ನು ಕೇಳುವವರು ನಾವೇ ಸೇರಿಸಿಕೊಳ್ಳುತ್ತೇವೆ: "ಔಷಧಿಯಿಂದಲೇ" ಬೆಳ್ಳಗಾಯಿತು. ಕಣ್ಣಿಗೆ ಕಂಡಿದ್ದರಲ್ಲಿ ಈ ನಾಲ್ಕನೆಯದು ಇಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯ್ತು ಅಂತ ಹಿರಿಯರು ಹೇಳುತ್ತಾರಲ್ಲ, ಅದೇ ಕಥೆ. ಇಲ್ಲಿ ಇನ್ನೂ ಒಂದು ವಿಶೇಷ ಇದೆ. ಕೊಂಬೆ ಮುರಿಯುವ ಹೊತ್ತಿಗೇ ಕಾಗೆಯನ್ನು ಕರೆದು ಕೂರಿಸುತ್ತೇವೆ. ಅದು ಹೇಗೆ ಎನ್ನುವುದು ಕಾಯಿಲೆಯ ನಡೆ ಗೊತ್ತಾದರೆ ತಿಳಿಯುತ್ತದೆ.

ಔಷಧಿ ಇಲ್ದೆ ಕಾಮಾಲೆ ತಾನಾಗೇ ಹೇಗೆ ಹೋಗುತ್ತೆ? ಅದು ದೊಡ್ಡ ಕಾಯಿಲೆ ಅಲ್ವಾ?

ಕಾಮಾಲೆ ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ, ಒಂದು ಗುರುತು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಪಿತ್ತರಸದ ಜೊತೆ ಹೊರಹಾಕುತ್ತದೆ. ಲಿವರಿಗೆ ಏಟು ಬಿದ್ದರೆ ಅದು ರಕ್ತದಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಗ್ರಾಂವರೆಗೆ ಇರುವ ಬಿಲಿರುಬಿನ್ 2ರಿಂದ 3 ದಾಟಿದರೆ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ.

ನಮ್ಮ ಕಡೆ ಹುಡುಗ ಹುಡುಗಿಯರಿಗೆ ಬರುವ ಕಾಮಾಲೆಗೆ ಸಾಮಾನ್ಯ ಕಾರಣ ಹೆಪಟೈಟಿಸ್ ಎ ಅಥವಾ ಇ ವೈರಸ್. ಕೊಳಕು ನೀರು, ಕೈ ತೊಳೆಯದೆ ಕೊಟ್ಟ ತಿಂಡಿ, ಇವೇ ದಾರಿ. ವೈರಸ್ ಹೊಕ್ಕ ಮೇಲೆ ಕೆಲವು ವಾರ ಏನೂ ಗೊತ್ತಾಗುವುದಿಲ್ಲ. ಹೆಪಟೈಟಿಸ್ ಎ ಆದರೆ ಸರಾಸರಿ 28 ದಿನ. ಆಮೇಲೆ ದೇಹದ ರೋಗನಿರೋಧಕ ಶಕ್ತಿ ವೈರಸ್ ಹಿಡಿದ ಕೋಶಗಳ ಮೇಲೆ ಬೀಳುತ್ತದೆ. ಲಿವರ್ ಊದಿಕೊಳ್ಳುವುದು ಆವಾಗ. ವೈರಸ್ ಖಾಲಿಯಾಗುತ್ತದೆ, ಲಿವರ್ ಹೊಸ ಕೋಶಗಳನ್ನು ಬೆಳೆಸಿಕೊಳ್ಳುತ್ತದೆ, ಹಳದಿ ಇಳಿಯುತ್ತದೆ. ಬಹಳ ಜನರಿಗೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ತಿಂಗಳೊಳಗೆ ಇದೆಲ್ಲಾ ಮುಗಿಯುತ್ತದೆ. ಹೆಪಟೈಟಿಸ್ ಎ ವರ್ಷಗಟ್ಟಲೆ ಉಳಿಯುವ ಕಾಯಿಲೆಯೂ ಅಲ್ಲ. ಅದನ್ನು ಕೊಲ್ಲುವ ಮಾತ್ರೆ ಆಸ್ಪತ್ರೆಯಲ್ಲೂ ಇಲ್ಲ. ಅಲ್ಲಿ ನೀರು, ಆಹಾರ, ವಿಶ್ರಾಂತಿ ನೋಡಿಕೊಳ್ಳುತ್ತಾರೆ, ಪರಿಸ್ಥಿತಿ ಕೆಡುತ್ತಿದೆಯಾ ಎಂದು ಕಾಯುತ್ತಾರೆ. ಹಾಗಾಗಿ "ಇಂಗ್ಲಿಷ್ ಔಷಧೀಲಿ ಇದಕ್ಕೆ ಮದ್ದೇ ಇಲ್ಲ, ನಾಟಿಯಲ್ಲಿ ಮಾತ್ರ ಇದೆ" ಎನ್ನುವ ಮಾತಿನ ಮೊದಲರ್ಧ ಸರಿಯೇ!

ಹಾಗಂತ ಎಲ್ಲರೂ ಗುಣವಾಗುವುದಿಲ್ಲ. 100ರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಲಿವರ್ ಪೂರ್ತಿ ಕೈಕೊಡಬಹುದು. ಆ ವಿಷಯ ಕೆಳಗಿದೆ.

ಆದ್ರೆ ಕುಡಿದ ಮಾರನೇ ದಿನವೇ ಹಸಿವಾಯ್ತು ಅಂತಾರಲ್ಲ? ಅಷ್ಟು ಕರೆಕ್ಟಾಗಿ ಹೇಗೆ ಸರಿಹೋಗುತ್ತೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ವೈರಲ್ ಹೆಪಟೈಟಿಸ್‌ನಲ್ಲಿ ಕಣ್ಣು ಹಳದಿಯಾಗುವುದು ಶುರುವಿನಲ್ಲಲ್ಲ. ಮೊದಲು ಜ್ವರ, ಸುಸ್ತು, ವಾಂತಿ ಬರುವ ಹಾಗೆ ಆಗುವುದು, ಅನ್ನ ಕಂಡರೆ ಆಗದಿರುವುದು. ಇವು ಕೆಲವು ದಿನ ಇರುತ್ತವೆ. ಮನೆಯವರು "ಪಿತ್ತ ಆಗಿದೆ", "ವೈರಲ್ ಜ್ವರ" ಅಂದುಕೊಳ್ಳುತ್ತಾರೆ. ಆಮೇಲೆ ಮೂತ್ರ ಗಾಢ ಹಳದಿಯಾಗುತ್ತದೆ, ಕಣ್ಣು ಕೊನೆಗೆ. ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ, ವಾಕರಿಕೆ ಇಳಿಯಲು ಶುರುವಾಗಿರುತ್ತದೆ. ಅಂದರೆ ನೋಡುವವರಿಗೆ ಗಾಬರಿಯಾಗುವ ದಿನವೇ ಒಳಗೆ ಕಾಯಿಲೆ ತಿರುಗುವ ಸಮಯ.

ನಾಟಿ ವೈದ್ಯರ ಹತ್ತಿರ ಓಡುವುದು ಯಾವಾಗ? ಕಣ್ಣು ಹಳದಿಯಾದ ಮೇಲೆ. ಜ್ವರ ಬಂದ ದಿನ ಯಾರೂ ನೆಲನೆಲ್ಲಿ ಕೇಳಿಕೊಂಡು ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಜ್ಜಿಗೆಗೋ ಹಾಲಿಗೋ ಅರೆದು ಕೊಟ್ಟ ಸೊಪ್ಪಿನ ಉಂಡೆ ಹೊಟ್ಟೆಗೆ ಹೋಗುವ ದಿನವೂ ಹಸಿವು ವಾಪಸ್ ಬರುವ ದಿನವೂ ಅಕ್ಕಪಕ್ಕ ಬೀಳುತ್ತವೆ. ಇದು ಬರೀ ಅದೃಷ್ಟದ ಆಟ ಅಲ್ಲ, ಕಾಯಿಲೆಯ ನಡೆಯೇ ಹಾಗಿದೆ. ಔಷಧಿಯ ಬದಲು ಆ ದಿನ ಬರೀ ಮಜ್ಜಿಗೆ ಕೊಟ್ಟಿದ್ದರೆ ಮಜ್ಜಿಗೆಗೆ ಹೆಸರು ಬರುತ್ತಿತ್ತು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲಾ ಹಳದಿ ಅಂತ ಗಾದೆ. ನಿಜವಾಗಿ ಕಾಮಾಲೆಯವರಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ, ಅವರನ್ನು ನೋಡುವವರಿಗೆ ಮಾತ್ರ ಹಳದಿ ಕಾಣುತ್ತದೆ. ವಿಷಯಕ್ಕೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

## ವಾದಕ್ಕೆ ಬಂದವರ ಪ್ರಶ್ನೆಗಳು

ಒಬ್ಬರಲ್ಲ ಸರ್, ಊರಿಗೆ ಊರೇ ಹೇಳುತ್ತೆ. ಅಷ್ಟೂ ಜನ ತಪ್ಪಾಗ್ತಾರಾ?

ಒಂದು ಲೆಕ್ಕ ಮಾಡೋಣ. ಊರನ್ನೂ ಸಂಖ್ಯೆಗಳನ್ನೂ ನಾನೇ ಕಟ್ಟಿದ್ದು, ಲೆಕ್ಕ ಅರ್ಥವಾಗಲಿ ಅಂತ.

ಊರಿನ ಕುಡಿಯುವ ನೀರಿನ ಪೈಪು ಒಡೆದು ಚರಂಡಿ ನೀರು ಸೇರಿತು. ತಿಂಗಳೊಳಗೆ 200 ಜನರಿಗೆ ಕಾಮಾಲೆ. ಅವರಲ್ಲಿ 150 ಜನ ನಾಟಿ ಔಷಧಿಗೆ ಹೋದರು, 50 ಜನ ಮನೆಯಲ್ಲೇ ಗಂಜಿ ಕುಡಿದು ಮಲಗಿದರು. ಔಷಧಿಗೆ ಗುಣ ಸೊನ್ನೆ ಎಂದೇ ಇಟ್ಟುಕೊಳ್ಳಿ. ಆಗಲೂ 150ರಲ್ಲಿ 149 ಜನ ಗುಣವಾಗುತ್ತಾರೆ. ಒಬ್ಬರ ಲಿವರ್ ಕೈಕೊಟ್ಟಿತು. ಈ ಕಡೆ 50 ಜನಕ್ಕೆ 50 ಜನವೂ ಗುಣ.

ಈಗ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಮಾತಾಡುವವರು ಯಾರು? ಆ 149 ಜನ. ಅವರಿಗೆ ಹೇಳಲು ಕಥೆ ಇದೆ. ಬೆಳಗಿನ ಜಾವ ಎದ್ದು ಹೋಗಿದ್ದು, ವೈದ್ಯರು ಹಣ ಮುಟ್ಟದೆ ತೆಂಗಿನಕಾಯಿ ಮಾತ್ರ ತಗೊಂಡಿದ್ದು, ಕಹಿ, ಪಥ್ಯ, ಆಮೇಲೆ ಕಣ್ಣು ತಿಳಿಯಾಗಿದ್ದು. ಸುಮ್ಮನೆ ಮಲಗಿ ಎದ್ದ 50 ಜನ ಏನು ಹೇಳಬೇಕು? "ಮಲಗಿದ್ದೆ, ಸರಿಹೋಯ್ತು." ಇದನ್ನು ಯಾರೂ ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಆ ಒಬ್ಬರಂತೂ ಮಾತಾಡಲು ಬರುವುದೇ ಇಲ್ಲ.

149 ಸಾಕ್ಷಿಗಳು ಒಂದೇ ಮಾತು ಹೇಳುತ್ತಾರೆ, ಆದರೂ ಔಷಧಿಯ ಗುಣ ಸೊನ್ನೆಯೇ, ಏಕೆಂದರೆ ಶುರುವಿನಲ್ಲೇ ಹಾಗೆ ಇಟ್ಟುಕೊಂಡಿದ್ದೆವು. ತಾನಾಗಿ ವಾಸಿಯಾಗುವ ಕಾಯಿಲೆಯಲ್ಲಿ ಸಾಕ್ಷಿಗಳು ಹೆಚ್ಚಾದಷ್ಟೂ ಗೊತ್ತಾಗುವುದು ಒಂದೇ: ಬಹಳ ಜನ ಅಲ್ಲಿಗೆ ಹೋಗುತ್ತಾರೆ.

ಗುಣ ಆಗದೇ ಇರೋರು ಇದ್ರೆ ಅವರೂ ಬಾಯಿ ಬಿಡ್ತಿದ್ರಲ್ವಾ?

ಬಿಡುವುದಿಲ್ಲ, ಅಥವಾ ಬಿಟ್ಟರೂ ಬೇರೆ ರೀತಿ ಹೇಳುತ್ತಾರೆ. "ಪಥ್ಯ ಮುರಿದೆ, ಕದ್ದು ಬಜ್ಜಿ ತಿಂದೆ." "ತಡವಾಗಿ ಹೋದೆವು, ಮೊದಲೇ ಹೋಗಿದ್ರೆ ಉಳೀತಿದ್ರು." ಪಥ್ಯದ ಪಟ್ಟಿ ಉದ್ದ ಇರುತ್ತದೆ. ಎಣ್ಣೆ ಇಲ್ಲ, ಉಪ್ಪಿಲ್ಲ, ಖಾರ ಇಲ್ಲ, ಕೆಲವೆಡೆ ನಲವತ್ತು ದಿನ. ಅದನ್ನು ಚಾಚೂ ತಪ್ಪದೆ ಪಾಲಿಸುವವರು ಕಡಿಮೆ. ಹಾಗಾಗಿ ಗುಣವಾದರೆ ಔಷಧಿಯಿಂದ, ಆಗದಿದ್ದರೆ ರೋಗಿಯಿಂದ. ಔಷಧಿ ಸೋಲುವ ದಾರಿಯೇ ಇಲ್ಲ. ಹೀಗಂತ ಯಾರೋ ಕೂತು ಪಿತೂರಿ ಮಾಡಿದ್ದಲ್ಲ. ಬಹಳಷ್ಟು ನಾಟಿ ವೈದ್ಯರು ಇದನ್ನು ಮನಸಾರೆ ನಂಬಿರುತ್ತಾರೆ. ಅವರ ಹತ್ತಿರ ಮತ್ತೆ ಬರುವವರೂ ಗುಣವಾದವರೇ, ಕೈ ಮುಗಿದು ಹೋಗಲು.

ವೈದ್ಯರು ಕೈ ತೊಳೆಸಿದಾಗ ನೀರು ಹಳದಿಯಾಗಿದ್ದು ನಾನೇ ಕಣ್ಣಾರೆ ನೋಡಿದ್ದೀನಿ. ಕಾಮಾಲೆ ಇಳಿದು ಬಂತಲ್ಲ!

ನೀವು ನೋಡಿದ್ದು ನಿಜವಾದ ಹಳದಿ. ಅದು ನಿಮ್ಮ ರಕ್ತದಿಂದ ಬಂದಿದ್ದಲ್ಲ, ಅಷ್ಟೇ.

ಆರತಿ ನೀರು ಹೇಗೆ ಮಾಡುತ್ತಾರೆ ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪು. ಸುಣ್ಣ ಕ್ಷಾರ, ಗಿಡಗಳಲ್ಲಿನ ಕೆಲವು ವಸ್ತುಗಳು ಕ್ಷಾರಕ್ಕೆ ಸಿಕ್ಕರೆ ಬಣ್ಣ ಬದಲಿಸುತ್ತವೆ. ಮಾವಿನ ತೊಗಟೆಯ ರಸವೂ ಅಂಥದ್ದು. ಅದನ್ನು ಕೈಗೆ ಹಚ್ಚಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆಮೇಲೆ ಸುಣ್ಣದ ತಿಳಿನೀರಿನಲ್ಲಿ ತೊಳೆದರೆ ನೀರು ಹಳದಿ. ದಿನ ಕಳೆದಂತೆ ರಸ ಕಡಿಮೆ ಹಚ್ಚಿದರೆ ಹಳದಿಯೂ ಕಡಿಮೆ. ನೋಡುವವರಿಗೆ ಕಾಯಿಲೆ ಇಳಿದ ಹಾಗೆ ಕಾಣುತ್ತದೆ.

ಪರೀಕ್ಷೆ ಸುಲಭ. ಜೊತೆಗೆ ಹೋದ, ಕಾಮಾಲೆ ಇಲ್ಲದವರ ಕೈಯನ್ನೂ ಹಾಗೇ ತೊಳೆಸಿ. ಅದೂ ಹಳದಿಯಾದರೆ ಬಣ್ಣ ಬಂದಿದ್ದು ಕಾಯಿಲೆಯಿಂದಲ್ಲ. ಇನ್ನೊಂದು, ಬಿಲಿರುಬಿನ್ ದೇಹ ಬಿಟ್ಟು ಹೋಗುವುದು ಮಲ ಮೂತ್ರದಲ್ಲಿ. ಅಂಗೈ ಚರ್ಮದಿಂದ ನೀರಿಗೆ ಇಳಿಯುವ ದಾರಿ ಅದಕ್ಕಿಲ್ಲ.

ಬರೀ ಬಾಯಿಮಾತಲ್ಲ, ಲ್ಯಾಬ್ ರಿಪೋರ್ಟೇ ಇದೆ. ಬಿಲಿರುಬಿನ್ 9 ಇದ್ದಿದ್ದು ಔಷಧಿ ಆದ್ಮೇಲೆ 2 ಆಯ್ತು. ಇದಕ್ಕೇನಂತೀರಾ?

ರಿಪೋರ್ಟು ಗುಣವಾಗಿದ್ದಕ್ಕೆ ಒಳ್ಳೆ ಸಾಕ್ಷಿ. ಯಾವುದರಿಂದ ಗುಣವಾಯಿತು ಎನ್ನುವುದಕ್ಕೆ ಅಲ್ಲ. ತಾನಾಗಿ ಗುಣವಾದವರ ರಿಪೋರ್ಟೂ 9ರಿಂದ 2ಕ್ಕೇ ಇಳಿಯುತ್ತದೆ. ಮೊದಲ ರಿಪೋರ್ಟು ಯಾವ ದಿನದ್ದು ನೋಡಿ. ಕಾಯಿಲೆ ತುತ್ತತುದಿಯಲ್ಲಿದ್ದಾಗಲೇ ಜನ ಲ್ಯಾಬಿಗೆ ಹೋಗುವುದು. ತುದಿಯಲ್ಲಿ ಅಳೆದರೆ ಮುಂದಿನ ಅಳತೆ ಕೆಳಗೇ ಇರುತ್ತದೆ, ಇನ್ನೆಲ್ಲಿಗೆ ಹೋದೀತು?

ಸಂಖ್ಯೆ ಓದುವಾಗ ಒಂದು ಎಚ್ಚರ. ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಎಂಬ ಸಾಲೂ ಇರುತ್ತದೆ. ಒಡೆದ ಲಿವರ್ ಕೋಶಗಳಿಂದ ಸೋರಿದ ಕಿಣ್ವ ಅದು. ಅದು ಸಾವಿರಗಳಿಂದ ನೂರಕ್ಕೆ ಇಳಿದರೆ ಮನೆಯವರು ಖುಷಿಪಡುತ್ತಾರೆ. ಬಿಲಿರುಬಿನ್ ಕೂಡ ಇಳಿಯುತ್ತಾ, ಹುಡುಗ ಲವಲವಿಕೆಯಿಂದ ಇದ್ದರೆ ಖುಷಿಪಡಬೇಕಾದ್ದೇ. ಎಸ್‌ಜಿಪಿಟಿ ಇಳಿಯುತ್ತಿದೆ, ಆದರೆ ಬಿಲಿರುಬಿನ್ ಏರುತ್ತಿದೆ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಕೂಡ ಏರುತ್ತಿದೆ ಎಂದರೆ ಅದು ಅಪಾಯ. ಒಡೆಯಲು ಕೋಶಗಳೇ ಉಳಿದಿಲ್ಲ, ಅದಕ್ಕೇ ಸೋರುವುದು ನಿಂತಿದೆ ಎಂದೂ ಅರ್ಥವಾಗಬಹುದು. ಒಂದು ಸಂಖ್ಯೆ ಇಳಿದ ರಿಪೋರ್ಟಿನ ಫೋಟೋ ವಾಟ್ಸಾಪಿನಲ್ಲಿ ಬಂದರೆ ಈ ಭಾಗ ಅದರಲ್ಲಿ ಕಾಣುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಹಾಗಾದ್ರೆ ಒಂದು ಔಷಧಿಗೆ ಗುಣ ಇದೆಯೋ ಇಲ್ವೋ ತಿಳ್ಕೊಳ್ಳೋದು ಹೇಗೆ?

ಆ ನೋಡದ ದಾರಿಯನ್ನು ನೋಡುವ ಉಪಾಯ ಬೇಕು. ಒಬ್ಬನೇ ಮನುಷ್ಯನಲ್ಲಿ ಆಗುವುದಿಲ್ಲ, ಅವನು ಕುಡಿದೂ ಕುಡಿಯದೆಯೂ ಇರಲಾರ. ಅದಕ್ಕೆ ಗುಂಪು ಬೇಕು.

100 ರೋಗಿಗಳು ಸಿಕ್ಕರು ಅಂದುಕೊಳ್ಳಿ. ಇವರನ್ನು ಎರಡು ಗುಂಪು ಮಾಡಬೇಕು, ಚೀಟಿ ಎತ್ತಿ. "ಇಷ್ಟ ಇರೋರು ಈ ಕಡೆ ಬನ್ನಿ" ಎಂದರೆ ಕೆಟ್ಟಿತು. ನಡೆದುಕೊಂಡು ಬರಲು ತ್ರಾಣ ಇರುವವರು ಒಂದು ಕಡೆ, ಏಳಲಾಗದವರು ಇನ್ನೊಂದು ಕಡೆ ಸೇರಿಬಿಡಬಹುದು. ಚೀಟಿಗೆ ಯಾರ ಮುಖವೂ ಗೊತ್ತಿಲ್ಲ. ಹಾಗಾಗಿ ಗಟ್ಟಿಮುಟ್ಟಿನವರು, ಸೋತವರು, ಮೊದಲ ದಿನದವರು, ಹತ್ತನೇ ದಿನದವರು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ.

ಒಂದು ಗುಂಪಿಗೆ ಸೊಪ್ಪಿನ ಪುಡಿ ತುಂಬಿದ ಕ್ಯಾಪ್ಸೂಲು, ಇನ್ನೊಂದಕ್ಕೆ ಹಾಗೇ ಕಾಣುವ ಬೇರೇನೋ ತುಂಬಿದ ಕ್ಯಾಪ್ಸೂಲು. ಇದನ್ನು ಪ್ಲಸೀಬೊ ಅನ್ನುತ್ತಾರೆ. ನೆಲನೆಲ್ಲಿ ಕಹಿ, ಅರೆದು ಕೊಟ್ಟರೆ ಯಾರಿಗೆ ಏನು ಸಿಕ್ಕಿತು ಎಂದು ನಾಲಿಗೆಯೇ ಹೇಳಿಬಿಡುತ್ತದೆ. ಅದಕ್ಕೇ ಕ್ಯಾಪ್ಸೂಲು. ಕೊಡುವವರಿಗೂ, ಕಣ್ಣು ನೋಡಿ ಬರೆದುಕೊಳ್ಳುವವರಿಗೂ ಯಾವುದು ಯಾವುದೆಂದು ಗೊತ್ತಿರಬಾರದು. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದಿಡಬೇಕು. ಉದಾಹರಣೆಗೆ "ಬಿಲಿರುಬಿನ್ 2ಕ್ಕಿಂತ ಕೆಳಗೆ ಬರಲು ಎಷ್ಟು ದಿನ". ಆಮೇಲೆ ಹಸಿವು, ನಿದ್ದೆ, ತೂಕ ಅಂತ ಹುಡುಕುತ್ತಾ ಹೋದರೆ ಯಾವುದೋ ಒಂದರಲ್ಲಿ ಗೆದ್ದ ಹಾಗೆ ಕಂಡೇ ಕಾಣುತ್ತದೆ.

ಕೊನೆಯದು ಬೇಸರದ ಕೆಲಸ, ಆದರೆ ಎಲ್ಲಕ್ಕಿಂತ ಮುಖ್ಯ. ಮಧ್ಯದಲ್ಲಿ ಬರುವುದು ನಿಲ್ಲಿಸಿದವರ ಮನೆಗೆ ಹೋಗಿ ಏನಾಯಿತು ಎಂದು ಕೇಳಬೇಕು. 50ರಲ್ಲಿ 35 ಜನ ಮಾತ್ರ ಕೊನೆತನಕ ಬಂದು, ಅವರೆಲ್ಲಾ ಗುಣವಾಗಿದ್ದರೆ, ಉಳಿದ 15 ಜನ ಎಲ್ಲಿ? ಬಾಯಿಮಾತಿನ ಸಾಕ್ಷಿಯಲ್ಲಿ ಈ ಪ್ರಶ್ನೆ ಕೇಳಲು ಜಾಗವೇ ಇಲ್ಲ.

ನೆಲನೆಲ್ಲಿಯನ್ನ ಯಾರಾದ್ರೂ ಹಾಗೆ ಪರೀಕ್ಷೆ ಮಾಡಿದ್ದಾರಾ, ಇಲ್ಲಾ ಸುಮ್ನೆ ಬೈತಿದ್ದೀರಾ?

ಮಾಡಿದ್ದಾರೆ, ಅದೂ ನಮ್ಮ ಪಕ್ಕದ ಮದ್ರಾಸಿನಲ್ಲಿ. ಕಥೆ ಚೆನ್ನಾಗಿದೆ.

ಎಸ್.ಪಿ. ತ್ಯಾಗರಾಜನ್ ಮತ್ತು ಜೊತೆಗಾರರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಜೊತೆಗಾರರಲ್ಲಿ ಒಬ್ಬರು ಬರೂಕ್ ಬ್ಲಂಬರ್ಗ್, ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದವರು. ಹೆಪಟೈಟಿಸ್ ಬಿ ಬೇರೆ ಜಾತಿಯದು. ಇದು ರಕ್ತದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ, ಮತ್ತು ಕೆಲವರ ದೇಹದಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಹಾಗೆ ಉಳಿಸಿಕೊಂಡವರಿಗೆ 30 ದಿನ ನೆಲನೆಲ್ಲಿ ಜಾತಿಯ ಗಿಡದ ಪುಡಿ ಕೊಟ್ಟರು. ಔಷಧಿ ತಗೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯ. ಪ್ಲಸೀಬೊ ತಗೊಂಡ 23ರಲ್ಲಿ ಒಬ್ಬರಿಗೆ ಮಾತ್ರ. ಶೇಕಡಾ 59 ಎಲ್ಲಿ, 4 ಎಲ್ಲಿ! ಲೇಖಕರು ಇದನ್ನು ಪ್ರಾಥಮಿಕ ಅಧ್ಯಯನ ಎಂದೇ ಕರೆದಿದ್ದರು.

ಇಂಥ ಫಲ ಬಂದರೆ ಮುಂದಿನ ಹೆಜ್ಜೆ ಬೇರೆಯವರು ಅದನ್ನೇ ಮಾಡಿ ನೋಡುವುದು. ಥಾಯ್ಲೆಂಡಿನಲ್ಲಿ ಮಾಡಿದರು, ನ್ಯೂಜಿಲೆಂಡಿನಲ್ಲಿ ಮಾಡಿದರು. ಆ ಫಲ ಸಿಗಲಿಲ್ಲ. 2011ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಪ್ರಯೋಗಗಳನ್ನು ಒಟ್ಟು ಮಾಡಿ ತೂಗಿದಾಗಲೂ, ದೀರ್ಘಕಾಲದ ಹೆಪಟೈಟಿಸ್ ಬಿಗೆ ಇದು ಪ್ಲಸೀಬೊಗಿಂತ ಮೇಲು ಎನ್ನಲು ಭರವಸೆಯ ಸಾಕ್ಷಿ ಸಿಗಲಿಲ್ಲ.

ಎರಡು ವಿಷಯ ಗಮನಿಸಿ. ಮೊದಲಿನದು ಸುಳ್ಳು ವರದಿ ಎಂದು ಯಾರೂ ಹೇಳಬೇಕಾಗಿಲ್ಲ. 60 ಜನರ ಪ್ರಯೋಗದಲ್ಲಿ ಏರುಪೇರು ಆಗುತ್ತದೆ. ನೊಬೆಲ್ ಪಡೆದವರ ಹೆಸರಿದ್ದ, ಗುಂಪು ಮಾಡಿ ಎಣಿಸಿದ ಪ್ರಯೋಗವೇ ಎರಡನೇ ಸಲ ನಿಲ್ಲಲಿಲ್ಲ ಎಂದರೆ, ಗುಂಪೂ ಇಲ್ಲದ ಎಣಿಕೆಯೂ ಇಲ್ಲದ ಕಥೆಯ ಮೇಲೆ ಎಷ್ಟು ಭಾರ ಹಾಕಬಹುದು? ಎರಡನೆಯದು, ನಾಟಿ ಔಷಧಿಯವರು "ಹೆಪಟೈಟಿಸ್ ಬಿ ವಾಸಿ ಮಾಡಿದೆ" ಎಂದು ತೋರಿಸುವ ಕೆಲವು ರಿಪೋರ್ಟುಗಳು ನಿಜವೇ ಇರಬಹುದು. ದೊಡ್ಡವರಿಗೆ ಹೊಸದಾಗಿ ಬಿ ತಗುಲಿದರೆ 100ರಲ್ಲಿ ಸುಮಾರು 95 ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗ ತಗುಲಿದರೆ ಉಲ್ಟಾ, 100ರಲ್ಲಿ ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ಗುಣವಾದವರು ಯಾವ ಗುಂಪಿನವರು ಎಂದು ಕೇಳದೆ ರಿಪೋರ್ಟು ನೋಡಿ ಪ್ರಯೋಜನ ಇಲ್ಲ.

ಅಂದ್ರೆ ಗಿಡಮೂಲಿಕೆ ಎಲ್ಲಾ ಬೊಗಳೆ ಅಂತೀರಾ?

ಇಲ್ಲಪ್ಪ. ಸರ್ಪಗಂಧಿ ನೋಡಿ. ಅದರ ಬೇರನ್ನು ನಮ್ಮ ದೇಶದಲ್ಲಿ ಬಹಳ ಕಾಲದಿಂದ ಬಳಸುತ್ತಿದ್ದರು. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡ ಇದ್ದ 50 ಜನರಿಗೆ ಕೊಟ್ಟು, ಒತ್ತಡ ಅಳೆದು, 1949ರಲ್ಲಿ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ವಸ್ತು ಬೇರ್ಪಡಿಸಿದರು. ಮುಂದೆ ಚೀಟಿ ಎತ್ತಿ ಗುಂಪು ಮಾಡಿದ ದೊಡ್ಡ ಪ್ರಯೋಗಗಳಲ್ಲಿ ಬೇರೆ ಮಾತ್ರೆಗಳ ಜೊತೆ ಅದನ್ನೂ ಬಳಸಿದರು. ನಿಜವಾಗಿ ಕೆಲಸ ಮಾಡುವ ಔಷಧಿ. ನಿಜವಾಗಿ ಕೆಲಸ ಮಾಡುವುದರಿಂದಲೇ ಅಡ್ಡಪರಿಣಾಮವೂ ಗೊತ್ತಾಯಿತು. ಪ್ರಮಾಣ ಜಾಸ್ತಿಯಾದರೆ ಕೆಲವರಿಗೆ ಮನಸ್ಸು ಕುಗ್ಗುತ್ತಿತ್ತು, ಅದಕ್ಕೆ ಪ್ರಮಾಣ ಇಳಿಸಿದರು. ಗಿಡದ ಮೇಲೆ ನನಗೇನೂ ಕೋಪ ಇಲ್ಲ. ಸರ್ಪಗಂಧಿ ಪಾಸಾದ ಪರೀಕ್ಷೆಗೆ ನೆಲನೆಲ್ಲಿಯೂ ಕೂರಲಿ ಎನ್ನುತ್ತೇನೆ.

ಗುಣ ಇಲ್ಲ ಅಂದ್ರೂ ಕುಡಿದ್ರೆ ನಷ್ಟ ಏನು? ಸೊಪ್ಪು ತಾನೆ?

ಮನೆ ಹಿಂದಿನ ನಾಲ್ಕು ಎಲೆ ನೆಲನೆಲ್ಲಿಯಿಂದ ಬಹಳ ಜನರಿಗೆ ಏನೂ ಆಗುವುದಿಲ್ಲ. ತೊಂದರೆ ಬೇರೆ ಕಡೆ ಇದೆ.

ದೊಡ್ಡ ತೊಂದರೆ ಕಳೆದುಹೋಗುವ ದಿನಗಳದ್ದು. ಹಳದಿ ಕಣ್ಣಿಗೆ ವೈರಸ್ ಒಂದೇ ಕಾರಣ ಅಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಹಳದಿ, ಇಲಿಜ್ವರದಲ್ಲೂ ಹಳದಿ, ಗಡ್ಡೆಯಿಂದಲೂ ಹಳದಿ. ಇವಕ್ಕೆ ಚಿಕಿತ್ಸೆ ಇದೆ ಮತ್ತು ತಡವಾಗಬಾರದು. ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ, ಒಂದು ದಿನವೂ ಕಾಯಬಾರದು. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದ ಮಗುವೂ ಹಾಗೇ. ಇನ್ನು ಯಾರಿಗೇ ಆಗಲಿ, ಹಳದಿಯ ಜೊತೆ ಮಂಪರು, ಮಾತು ತಡವರಿಸುವುದು, ಹಗಲು ನಿದ್ದೆ ರಾತ್ರಿ ಎಚ್ಚರ, ಒಸಡು ಮೂಗಿನಲ್ಲಿ ರಕ್ತ, ನಿಲ್ಲದ ವಾಂತಿ ಕಂಡರೆ ಲಿವರ್ ಕೈಕೊಡುತ್ತಿದೆ ಎಂದು ತಿಳಿದು ದೊಡ್ಡಾಸ್ಪತ್ರೆಗೆ ಹೊರಡಬೇಕು. "ಮೂರು ದಿನದ ಔಷಧಿ ಮುಗೀಲಿ" ಎಂದು ಕಾಯುವುದು ಇಲ್ಲಿ ಕುತ್ತು ತರುತ್ತದೆ. ಕೆಲವು ಕಡೆ ಕಾಮಾಲೆಗೆ ಬರೆ ಹಾಕುತ್ತಾರೆ, ಅದರಿಂದ ಸುಟ್ಟಗಾಯ ಬಿಟ್ಟು ಇನ್ನೇನೂ ಸಿಗುವುದಿಲ್ಲ.

ಇನ್ನೊಂದು ತೊಂದರೆ, ಸೊಪ್ಪು ಯಾವುದು ಎನ್ನುವುದು. ಉಂಡೆ ಮಾಡಿ ಕೊಟ್ಟರೆ ಒಳಗೆ ಏನೇನಿದೆ ಎಂದು ಕುಡಿಯುವವರಿಗೆ ಗೊತ್ತಿಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಗೂ ಬಂತಲ್ಲ, 2021ರಲ್ಲಿ ಮುಂಬೈಯ ವೈದ್ಯರು ಅದನ್ನು ತಗೊಂಡು ಲಿವರ್ ಕೆಟ್ಟ 6 ಜನರ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಎಂದಿತು. ಇಲ್ಲಿ ನಾನೂ ನನ್ನ ನಿಯಮಕ್ಕೇ ಕಟ್ಟುಬೀಳಬೇಕು. 6 ಜನರ ವಿವರ ಎಚ್ಚರಿಕೆ ಕೊಡುತ್ತದೆ, ಎಷ್ಟು ಜನರಲ್ಲಿ ಹೀಗಾಗುತ್ತದೆ ಎಂದು ಹೇಳುವುದಿಲ್ಲ. ಆದರೂ ಲಿವರ್ ಮೊದಲೇ ಊದಿರುವವರು ಗೊತ್ತಿಲ್ಲದ ಉಂಡೆ ನುಂಗುವಾಗ ಇದನ್ನು ನೆನಪಿಟ್ಟುಕೊಳ್ಳಲಿ.

ಡೆಂಗಿಗೆ ಪಪ್ಪಾಯಿ ಎಲೆ ರಸಕ್ಕೂ ಇದೇ ಮಾತಾ?

ಹೆಚ್ಚುಕಡಿಮೆ ಹೌದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕೆಲವು ದಿನ ಇಳಿದು ಆಮೇಲೆ ತಾನೇ ಏರುತ್ತದೆ. ರಸ ಕೊಡುವುದು ಎಣಿಕೆ ತೀರಾ ಇಳಿದಾಗ. ಒಂದು ವ್ಯತ್ಯಾಸ ಇದೆ: ಕೆಲವು ಪ್ರಯೋಗಗಳಲ್ಲಿ ಎಲೆಯ ರಸ ತಗೊಂಡವರ ಎಣಿಕೆ ಸ್ವಲ್ಪ ಬೇಗ ಏರಿದ್ದು ಕಂಡಿದೆ. ಅದರಿಂದ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿಲ್ಲ. ಡೆಂಗಿಯಲ್ಲಿ ಮುಖ್ಯ ಅಪಾಯ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು. ಅದೂ ಜ್ವರ ಬಿಟ್ಟ ಹೊತ್ತಿನಲ್ಲಿ, ಮನೆಯವರು "ರಸ ಕೆಲಸ ಮಾಡ್ತು" ಎಂದು ನಿರಾಳವಾಗುವಾಗ.

ಇದನ್ನೆಲ್ಲಾ ಅಜ್ಜಿಗೆ ಹೇಳಿದ್ರೆ ಬೈತಾರೆ. ಏನ್ ಮಾಡ್ಲಿ?

"ಅಜ್ಜಿ, ನೀನು ಹೇಳೋದು ತಪ್ಪು" ಎಂದು ಶುರು ಮಾಡಬೇಡಿ. ಅಜ್ಜಿಯ ಅನುಭವ ತಪ್ಪಲ್ಲ, ಮೇಲೆ ಹೇಳಿದೆನಲ್ಲ. ಕೇಳಬೇಕಾದ್ದನ್ನು ಕೇಳಿ. "ಅಜ್ಜಿ, ಔಷಧಿ ಕುಡೀದೆ ಯಾರಿಗಾದ್ರೂ ಕಾಮಾಲೆ ಹೋಗಿತ್ತಾ? ಜ್ವರ ಬಂದು ಎಷ್ಟು ದಿನಕ್ಕೆ ಔಷಧಿಗೆ ಹೋದ್ರಿ?" ಅಜ್ಜಿಯರಿಗೆ ನೆನಪು ಚೆನ್ನಾಗಿರುತ್ತದೆ, ಉತ್ತರ ಅವರೇ ಹೇಳುತ್ತಾರೆ. ಸೊಪ್ಪಿನ ಬಗ್ಗೆ ಗೆಲ್ಲಲು ಹೋಗಬೇಡಿ. ರಕ್ತ ಪರೀಕ್ಷೆಗೆ ಒಪ್ಪಿಸಿ, ವೈದ್ಯರಿಗೆ ತೋರಿಸಿ, ಏನು ಕುಡಿದಿದ್ದೇವೆ ಎಂದು ಮುಚ್ಚಿಡದೆ ಹೇಳಿ. ಅಷ್ಟಾದರೆ ಅಜ್ಜಿ ಗಂಜಿ ಮಾಡಿಕೊಡಲಿ, ಅದು ಬೇಕೇ ಬೇಕು. ಉಪ್ಪು ಹಾಕಿಸಿಕೊಳ್ಳಿ.

ನಿಮಗೆ ಯಾವತ್ತಾದ್ರೂ ಕಾಮಾಲೆ ಬಂದಿತ್ತಾ ಸರ್?

ಬಂದಿತ್ತು, ಒಂಬತ್ತನೇ ಕ್ಲಾಸಿನಲ್ಲಿ. ಹಾಸ್ಟೆಲಿನಲ್ಲಿ ಮೂವರಿಗೆ ಒಟ್ಟಿಗೆ ಬಂತು. ನಾನೂ ಇನ್ನೊಬ್ಬನೂ ಮೂರು ಬೆಳಿಗ್ಗೆ ನೆಲನೆಲ್ಲಿ ಕುಡಿದೆವು. ಮೂರನೆಯವನು ಮೊದಲ ಗುಟುಕಿಗೇ ವಾಂತಿ ಮಾಡಿ, ಉಳಿದದ್ದನ್ನು ಕಿಟಕಿಯಿಂದ ಚೆಲ್ಲಿ, ಕುಡಿದೆ ಎಂದು ಎಲ್ಲರಿಗೂ ಹೇಳಿದ. ಅರ್ಧವಾರ್ಷಿಕ ಪರೀಕ್ಷೆಗೆ ಮೂವರೂ ಒಂದೇ ವಾರ ವಾಪಸ್ ಬಂದೆವು. ಮನೆಯವರ ಲೆಕ್ಕದಲ್ಲಿ ಅವನೂ ನೆಲನೆಲ್ಲಿಯಿಂದಲೇ ಗುಣವಾದವನು. ಈ ಕಥೆ ಕೇಳಿ ಒಬ್ಬ ಹುಡುಗಿ ಫೋನಿನಲ್ಲಿ "ಸರ್, ಇದೂ ಬರೀ ಮೂರು ಜನರ ಕಥೆ, ಇದ್ರಿಂದಲೂ ಏನೂ ಗೊತ್ತಾಗಲ್ಲ ಅಲ್ವಾ?" ಎಂದು ಕೇಳಿದಳು. ಹೌದಮ್ಮ, ಗೊತ್ತಾಗಲ್ಲ.